ಕ್ಲಚ್ ವೈರ್ ಒಳಗ ಗ್ರೀಸ್ ಬ್ಯಾಡ, ಲಿವರ್ ಕೀಲಿಗೆ ಎಣ್ಣೆ ಸಾಲಲ್ಲ: ಬೈಕ್ ಕೇಬಲ್‌ಗೆ ಯಾವುದು ಸರಿ?

ಬೀದರ: ಔರಾದದಿಂದ ಬೀದರಕ್ಕ ಸುಮಾರು 40 ಕಿಲೋಮೀಟರ್. ನಡುದಾರಿಯಲ್ಲಿ ಕ್ಲಚ್ ವೈರ್ ಹರಿದರೆ ಗಾಡಿ ತಳ್ಳಿಕೊಂಡು ಮುಂದಿನ ಊರಿನ ಗ್ಯಾರೇಜ್ ಹುಡುಕೋದೇ ಗತಿ. ಮಿಸ್ತ್ರಿ ಹೊಸ ವೈರ್ ಹಾಕಿ ಕೊಡ್ತಾರೆ, ನಾವೂ "ಹಳೇದಾಗಿತ್ತು, ಹರೀತು" ಅಂತ ದುಡ್ಡು ಕೊಟ್ಟು ಬರ್ತೀವಿ. ಆದರೆ ಹರಿದ ವೈರನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡ್ರಿ. ಬಹಳಷ್ಟು ಸಲ ಅದು ನಡುವಿನಲ್ಲಿ ಹರಿದಿರೋದಿಲ್ಲ. ಹ್ಯಾಂಡಲ್ ಹತ್ತಿರ, ಲಿವರ್ ಒಳಗೆ ಕೂಡುವ ಗುಂಡಿನ ಬುಡದಲ್ಲೇ ಹರಿದಿರ್ತದ.

ಹರಿದ ಜಾಗವೇ ಕಾರಣವನ್ನೂ ಹೇಳ್ತದ. ಹೆಚ್ಚಿನ ಗಾಡಿಗಳಲ್ಲಿ ಎಣ್ಣೆ ಬೇಕಾದ ಜಾಗಕ್ಕೆ ಗ್ರೀಸ್ ಹೋಗಿರ್ತದ, ಗ್ರೀಸ್ ಬೇಕಾದ ಜಾಗ ಒಣಗಿರ್ತದ. ಅಂಗಡಿಯಲ್ಲಿ ಈಗ ಹತ್ತು ತರಹದ ಸ್ಪ್ರೇ, ಗ್ರೀಸ್, ಆಯಿಲ್ ಸಿಗ್ತಾವ. ಯಾವುದು ಎಲ್ಲಿಗೆ ಅನ್ನೋದು ಮಾತ್ರ ಡಬ್ಬಿ ಮೇಲೆ ತಿಳಿಯುವ ಹಾಗೆ ಬರೆದಿರೋದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀವಿ.

ವೈರ್ ಒಳಗೆ ಏನಿರ್ತದ

ನಾವು ವೈರ್ ಅಂತ ಕರೆಯೋದು ಎರಡು ವಸ್ತು. ಹೊರಗಿನ ಕರಿ ಪೈಪ್ ಒಂದು, ಅದರೊಳಗೆ ಹಿಂದೆ ಮುಂದೆ ಸರಿಯುವ ಉಕ್ಕಿನ ತಂತಿ ಇನ್ನೊಂದು. ಒಳಗಿನ ತಂತಿ ಒಂದೇ ಎಳೆಯದಲ್ಲ, ಸಣ್ಣ ಸಣ್ಣ ಎಳೆಗಳನ್ನು ಹಗ್ಗದ ಹಾಗೆ ಹೊಸೆದು ಮಾಡಿದ್ದು. ಕರಿ ಪೈಪ್ ಕೂಡ ಬರೀ ಪ್ಲಾಸ್ಟಿಕ್ ಅಲ್ಲ. ಪ್ಲಾಸ್ಟಿಕ್ ಕೆಳಗೆ ಸ್ಪ್ರಿಂಗ್ ತರಹ ಸುತ್ತಿದ ಉಕ್ಕು ಇರ್ತದ. ಲಿವರ್ ಹಿಡಿದಾಗ ಪೈಪ್ ಇದ್ದಲ್ಲೇ ನಿಲ್ತದ, ತಂತಿ ಒಳಗೆ ಸರೀತದ. ಇಂಗ್ಲೆಂಡಿನ ಅರ್ನೆಸ್ಟ್ ಬೌಡೆನ್ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಇಂಥ ಕೇಬಲ್‌ಗೆ ಬೌಡೆನ್ ಕೇಬಲ್ ಅನ್ನೋ ಹೆಸರೇ ಇದೆ.

ಈಗಿನ ಕಂಪನಿ ಕೇಬಲ್‌ಗಳಲ್ಲಿ ಮೂರನೆಯದೂ ಒಂದು ಇರ್ತದ. ತಂತಿಗೂ ಉಕ್ಕಿನ ಸುರುಳಿಗೂ ನಡುವೆ ತೆಳುವಾದ ನೈಲಾನ್ ಅಥವಾ ಟೆಫ್ಲಾನ್ ನಳಿಗೆ ಹಾಕಿರ್ತಾರೆ. ಇದಕ್ಕೆ ಲೈನರ್ ಅಂತಾರೆ. ತಂತಿ ಉಕ್ಕಿಗೆ ಉಜ್ಜೋ ಬದಲು ಈ ನುಣುಪು ನಳಿಗೆಯಲ್ಲಿ ಸರೀತದ. ನಿಮ್ಮ ಕೇಬಲ್‌ನಲ್ಲಿ ಲೈನರ್ ಇದೆಯೋ ಇಲ್ಲವೋ ನೋಡೋದು ಸುಲಭ. ಲಿವರ್ ಕಡೆ ತಂತಿ ಬಿಚ್ಚಿ, ಕರಿ ಪೈಪ್‌ನ ಬಾಯಿಯನ್ನು ಬೆಳಕಿಗೆ ಹಿಡೀರಿ. ತಂತಿ ಸುತ್ತ ಪ್ಲಾಸ್ಟಿಕ್ ನಳಿಗೆಯ ಅಂಚು ಕಂಡರೆ ಲೈನರ್ ಇದೆ, ಬರೀ ಲೋಹ ಕಂಡರೆ ಇಲ್ಲ. ಯಾವ ಎಣ್ಣೆ ಅನ್ನೋದು ಮುಂದೆ ಇದರ ಮೇಲೇ ನಿಂತಿದೆ.

ಹರಿಯೋದು ಗುಂಡಿನ ಬುಡದಲ್ಲೇ ಯಾಕ

ತಂತಿಯ ತುದಿಯಲ್ಲಿ ಚಿಕ್ಕ ಲೋಹದ ಗುಂಡು ಇರ್ತದ. ಮಿಸ್ತ್ರಿಗಳು ಅದಕ್ಕೆ ನಿಪ್ಪಲ್ ಅಂತಾರೆ. ಅದು ಲಿವರ್‌ನ ತೂತಿನಲ್ಲಿ ಕೂತಿರ್ತದ. ಲಿವರ್ ಹಿಡಿದಾಗ ಲಿವರ್ ತನ್ನ ಬೋಲ್ಟ್ ಸುತ್ತ ತಿರುಗ್ತದ, ತಂತಿ ಮಾತ್ರ ಪೈಪ್ ಕಡೆಗೆ ನೇರ ಇರಬೇಕು. ಹಾಗಾಗಬೇಕಾದರೆ ಗುಂಡು ತೂತಿನೊಳಗೆ ಸ್ವಲ್ಪ ಹೊರಳಬೇಕು. ಬಾಗಿಲಿನ ಕೀಲು ಹೊರಳಿದ ಹಾಗೆ.

ಗುಂಡು ಒಣಗಿದ್ದರೆ, ಅಥವಾ ಅದರ ಸುತ್ತ ಮಣ್ಣು ಗಟ್ಟಿಯಾಗಿದ್ದರೆ, ಅದು ಹೊರಳೋದಿಲ್ಲ. ಆಗ ಹೊರಳಬೇಕಾದ ಅಷ್ಟೂ ಕೆಲಸ ತಂತಿಯ ಮೇಲೆ ಬೀಳ್ತದ. ಪ್ರತಿ ಸಲ ಕ್ಲಚ್ ಹಿಡಿದಾಗ ಗುಂಡಿನ ಬುಡದಲ್ಲಿ ತಂತಿ ಬಗ್ತದ, ಬಿಟ್ಟಾಗ ನೆಟ್ಟಗಾಗ್ತದ. ಸೆಣಬಿನ ಮೂಟೆಗೆ ಕಟ್ಟುವ ತಂತಿಯನ್ನು ಒಂದೇ ಕಡೆ ಹತ್ತು ಸಲ ಬಗ್ಗಿಸಿದರೆ ಏನಾಗ್ತದೋ ಇಲ್ಲೂ ನಿಧಾನವಾಗಿ ಅದೇ ಆಗ್ತದ. ದಿನಕ್ಕೆ 200 ಸಲ ಕ್ಲಚ್ ಹಿಡೀತೀರಿ ಅಂತ ಲೆಕ್ಕ ಹಾಕಿದರೂ ವರ್ಷಕ್ಕೆ 73,000 ಸಲ. ಮೊದಲು ಒಂದು ಎಳೆ ಹರೀತದ, ಆಮೇಲೆ ಎರಡು, ಮೂರು. ಉಳಿದ ಎಳೆಗಳ ಮೇಲೆ ಭಾರ ಹೆಚ್ಚಾಗಿ ಕೊನೆಗೆ ಒಂದು ದಿನ ಪೂರ್ತಿ ತುಂಡಾಗ್ತದ.

ಆದ್ದರಿಂದ ವೈರ್ ಉಳಿಸೋ ಕೆಲಸ ಎರಡು. ಪೈಪ್ ಒಳಗೆ ತಂತಿ ಸಲೀಸಾಗಿ ಸರಿಯಬೇಕು, ಲಿವರ್ ಒಳಗೆ ಗುಂಡು ಸಲೀಸಾಗಿ ಹೊರಳಬೇಕು. ಮೊದಲನೆಯದಕ್ಕೆ ತೆಳು ಎಣ್ಣೆ, ಎರಡನೆಯದಕ್ಕೆ ಗ್ರೀಸ್.

ನಮ್ಮ ಧೂಳು, ನಮ್ಮ ವಾಟರ್ ಸರ್ವಿಸ್

ಬೀದರ ಶಹರ ಕೂತಿರೋದು ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ. ಬ್ಯಾಸಗಿಯಲ್ಲಿ ಆ ಕೆಂಪು ಪುಡಿ ಎಲ್ಲಾ ಕಡೆ ಹಾರ್ತದ. ಭಾಲ್ಕಿ, ಔರಾದ ಕಡೆ ಹೊಲದ ದಾರಿಗಿಳಿದರೆ ಕರಿ ಮಣ್ಣು. ಒಣಗಿದಾಗ ಹಿಟ್ಟಿನಂತೆ ಹಾರ್ತದ, ಮಳೆಯಾದರೆ ಅಂಟಿಕೊಳ್ತದ. ಲಿವರ್ ಕಡೆಯ ರಬ್ಬರ್ ಟೊಪ್ಪಿಗೆ ಹರಿದಿದ್ದರೆ ಈ ಮಣ್ಣು ಪೈಪ್‌ನ ಬಾಯಿಗೆ ಇಳೀತದ.

ಧೂಳಿಗಿಂತ ಹೆಚ್ಚು ಹಾಳು ಮಾಡೋದು ಪ್ರೆಷರ್ ನೀರು. ವಾಟರ್ ಸರ್ವಿಸ್‌ನಲ್ಲಿ ಹ್ಯಾಂಡಲ್ ಮೇಲೆ ನೀರು ಬಿಟ್ಟಾಗ ಅದು ಕೇಬಲ್‌ನ ಮೇಲಿನ ಬಾಯಿಂದ ಒಳಗೆ ಹೋಗ್ತದ. ಕೇಬಲ್ ಹ್ಯಾಂಡಲ್‌ನಿಂದ ಕೆಳಗೆ ಇಂಜಿನ್ ಕಡೆ ಇಳಿಯೋದರಿಂದ ನೀರು ಬಾಗಿದ ಜಾಗದಲ್ಲಿ ನಿಲ್ತದ. ಜತೆಗೆ ಶಾಂಪೂ ನೊರೆ ಇದ್ದ ಅಲ್ಪಸ್ವಲ್ಪ ಎಣ್ಣೆಯನ್ನೂ ತೊಳೆದುಬಿಡ್ತದ. ಗಾಡಿ ತೊಳೆಸಿದ ಮೂರ್ನಾಲ್ಕು ದಿನಕ್ಕೆ ಕ್ಲಚ್ ಬಿಗಿಯಾದಂತೆ ಅನಿಸಿದರೆ ಕಾರಣ ಇದೇ ಇರಬಹುದು. ಒಳಗೆ ತುಕ್ಕು ಹಿಡಿಯೋಕೆ ಶುರುವಾಗಿರ್ತದ.

ಪೈಪ್ ಒಳಗೆ ಯಾವುದು ನಡೀತದ

ಕೇಬಲ್ ಒಳಗಿನ ಸಂದು ಬಹಳ ಚಿಕ್ಕದು. ಉದ್ದ ಮಾತ್ರ ಒಂದು ಮೀಟರ್ ಆಸುಪಾಸು. ಅಲ್ಲಿಗೆ ಹೋಗೋ ಎಣ್ಣೆ ತಾನಾಗಿಯೇ ಮೇಲಿಂದ ಕೆಳಗಿನ ತನಕ ಇಳಿಯುವಷ್ಟು ತೆಳು ಇರಬೇಕು, ಇಳಿದ ಮೇಲೆ ಆರಿಹೋಗದೆ ತಂತಿಗೆ ಅಂಟಿ ಉಳಿಯಬೇಕು. ಈ ಎರಡು ಮಾತು ನೆನಪಿಟ್ಟುಕೊಂಡು ಒಂದೊಂದೇ ಡಬ್ಬಿ ನೋಡೋಣ.

ಇಂಜಿನ್ ಆಯಿಲ್: ಲೈನರ್ ಇಲ್ಲದ ಕೇಬಲ್‌ಗೆ ಅಗ್ಗದ, ನಂಬಬಹುದಾದ ಆಯ್ಕೆ ಇದೇ. ಬೈಕ್‌ಗೆ ಹಾಕುವ 10ಡಬ್ಲ್ಯೂ-30 ಆದರೂ ಸರಿ, 20ಡಬ್ಲ್ಯೂ-40 ಆದರೂ ಸರಿ. ಆಯಿಲ್ ಬದಲಿಸಿದಾಗ ಡಬ್ಬಿಯಲ್ಲಿ ಉಳಿದ ಎರಡು ಚಮಚ ಸಾಕು. ಆದರೆ ಹೊಸ ಆಯಿಲ್ ಮಾತ್ರ. ಇಂಜಿನ್‌ನಿಂದ ತೆಗೆದ ಕರಿ ಆಯಿಲ್ ಹಾಕಬ್ಯಾಡ್ರಿ. ಅದರಲ್ಲಿ ಮಸಿ ಇರ್ತದ, ಸವೆದ ಲೋಹದ ಪುಡಿ ಇರ್ತದ. ಅದು ತಂತಿಗೆ ಉಸುಕಿನ ಕಾಗದ ತಿಕ್ಕಿದ ಹಾಗೆ.

ಹೊಲಿಗೆ ಮಷೀನ್ ಎಣ್ಣೆ: ಇದು ಇಂಜಿನ್ ಆಯಿಲ್‌ಗಿಂತ ತೆಳು. ಎಕ್ಸಿಲೇಟರ್ ವೈರ್‌ನಂಥ ಸಣ್ಣ ಕೇಬಲ್‌ಗೆ ಚೆನ್ನಾಗಿ ಇಳೀತದ. ತೆಳು ಇರೋದರಿಂದ ಬೇಗ ಸೋರಿಹೋಗ್ತದ, ಆದ್ದರಿಂದ ಸ್ವಲ್ಪ ಬೇಗ ಬೇಗ ಹಾಕಬೇಕು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗೋದು ಇದರ ಅನುಕೂಲ.

ಡಬ್ಲ್ಯೂಡಿ-40 ತರಹದ ಸ್ಪ್ರೇ: ಜನ ಹೆಚ್ಚು ತಪ್ಪು ತಿಳಿದಿರೋದು ಇದರ ವಿಷಯದಲ್ಲೇ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇದನ್ನು ತಯಾರಿಸಿದ್ದು ನೀರನ್ನು ಓಡಿಸಿ ತುಕ್ಕು ತಡೆಯೋಕೆ. ಹೆಸರಿನ ಮೊದಲ ಎರಡು ಅಕ್ಷರದ ಅರ್ಥವೇ ನೀರು ಹೊರಗೆ ತಳ್ಳೋದು ಅಂತ. ಅದರಲ್ಲಿ ಹೆಚ್ಚಿನ ಪಾಲು ಆರಿಹೋಗುವ ದ್ರಾವಣ, ಉಳಿಯುವ ಎಣ್ಣೆ ಕಡಿಮೆ. ಹೊಡೆದ ಕೂಡಲೇ ಕ್ಲಚ್ ಬೆಣ್ಣೆಯಂತಾಗ್ತದ, ಅದು ಖರೆ. ಆದರೆ ದ್ರಾವಣ ಆರಿದ ಮೇಲೆ ತೆಳು ಪೊರೆ ಅಷ್ಟೇ ಉಳೀತದ, ಕೆಲವು ದಿನಕ್ಕೆ ಮತ್ತೆ ಬಿಗಿ. ಹಾಗಂತ ಇದು ಕೆಟ್ಟದ್ದಲ್ಲ. ಒಳಗಿನ ಕೊಳೆ, ನೀರು, ತುಕ್ಕಿನ ಪುಡಿ ತೊಳೆಯೋಕೆ ಇದು ಬಹಳ ಒಳ್ಳೇದು. ಇದರಿಂದ ತೊಳೆದು, ಆಮೇಲೆ ಎಣ್ಣೆ ಹಾಕಬೇಕು.

ಸಿಲಿಕೋನ್ ಸ್ಪ್ರೇ: ಲೈನರ್ ಇರುವ ಕೇಬಲ್‌ಗೆ ಇದು ಸರಿ. ಸಿಲಿಕೋನ್ ಪ್ಲಾಸ್ಟಿಕ್, ರಬ್ಬರ್ ಮೇಲೆ ಚೆನ್ನಾಗಿ ಕೆಲಸ ಮಾಡ್ತದ, ಧೂಳನ್ನೂ ಅಷ್ಟು ಹಿಡಿಯೋದಿಲ್ಲ. ಉಕ್ಕು ಉಕ್ಕಿಗೆ ಭಾರದಲ್ಲಿ ಉಜ್ಜುವ ಕಡೆ ಮಾತ್ರ ಇದಕ್ಕೆ ಬಲ ಕಡಿಮೆ. ಆದ್ದರಿಂದ ಲಿವರ್ ಬೋಲ್ಟ್‌ಗೆ ಬ್ಯಾಡ. ಇನ್ನೊಂದು ಮಾತು. ಲೈನರ್ ಇರುವ ಹೊಸ ಕೇಬಲ್‌ಗೆ ಫ್ಯಾಕ್ಟರಿಯಲ್ಲೇ ಬೇಕಾದ್ದು ಹಾಕಿ ಕಳಿಸಿರ್ತಾರೆ. ಗಾಡಿಯ ಪುಸ್ತಕದಲ್ಲೋ ಕೇಬಲ್ ಪ್ಯಾಕೆಟ್ ಮೇಲೋ "ಎಣ್ಣೆ ಹಾಕಬೇಡಿ" ಅಂತ ಇದ್ದರೆ ಅದನ್ನೇ ಪಾಲಿಸ್ರಿ, ಲಿವರ್ ಕಡೆಯ ಗುಂಡಿಗೆ ಮಾತ್ರ ಗ್ರೀಸ್ ಹಾಕ್ರಿ.

ಚೈನ್ ಲ್ಯೂಬ್: ಕೈಗೆ ಸಿಗ್ತದ ಅಂತ ಬಹಳ ಜನ ಇದನ್ನೇ ಕೇಬಲ್‌ಗೂ ಹೊಡೀತಾರೆ. ಚೈನ್ ತಿರುಗುವಾಗ ಎಣ್ಣೆ ಸಿಡಿದು ಹೋಗಬಾರದು ಅಂತ ಅದರಲ್ಲಿ ಅಂಟು ಸೇರಿಸಿರ್ತಾರೆ. ಸ್ಪ್ರೇಯಿಂದ ಬರುವಾಗ ನೀರಿನಂತೆ ಇರ್ತದ, ಒಳಗೆ ಹೋಗಿ ದ್ರಾವಣ ಆರಿದ ಮೇಲೆ ಜಿಗುಟಾಗ್ತದ. ಚೈನ್‌ಗೆ ಅದು ಗುಣ, ಕೇಬಲ್ ಒಳಗೆ ಅದೇ ದೋಷ.

ಗ್ರೀಸ್: ಅಂಗಡಿಯಲ್ಲಿ ಸಿಗುವ ಎಪಿ-3 ಗ್ರೀಸ್ ಗಟ್ಟಿ. ಪೈಪ್‌ನ ಬಾಯಲ್ಲಿ ಒತ್ತಿದರೆ ಬಾಯಲ್ಲೇ ನಿಲ್ತದ, ಒಳಗೆ ಇಳಿಯೋದಿಲ್ಲ. ಮೇಲಾಗಿ ಬಾಯಿ ಮುಚ್ಚಿಕೊಂಡು, ಮುಂದೆ ಎಣ್ಣೆ ಹಾಕಿದರೂ ಕೆಳಗೆ ಹೋಗದಂತೆ ತಡೀತದ. ಧೂಳು ಸೇರಿದರೆ ಅರೆಯುವ ಗಾರೆಯಂತೆ ಆಗ್ತದ.

ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ: ಎರಡೂ ಬ್ಯಾಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗ್ತದ. ಡಿಸೆಂಬರ್‌ನಲ್ಲಿ ನಮ್ಮ ಮನೆಯ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡ್ತೀವಲ್ಲ, ಅದೇ ಬೆಳಿಗ್ಗೆ ಕೇಬಲ್ ಒಳಗೂ ಹಾಗೇ ಇರ್ತದ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ತದ, ಅದಕ್ಕೇ ಅದನ್ನು ಬಣ್ಣದ ತಯಾರಿಕೆಯಲ್ಲೂ ಬಳಸ್ತಾರೆ. ಬೇರೆ ಅಡುಗೆ ಎಣ್ಣೆಗಳೂ ತಿಂಗಳುಗಳಲ್ಲಿ ಅಂಟಾಗ್ತಾವ. ಎಣ್ಣೆ ಡಬ್ಬಿಯ ಮುಚ್ಚಳದ ಸುತ್ತ ಹಿಡಿದ ಜಿಗುಟು ನೆನಪು ಮಾಡಿಕೊಳ್ರಿ.

ಲಿವರ್ ಕೀಲಿಗೆ ಗ್ರೀಸ್

ಲಿವರ್ ಬೋಲ್ಟ್ ಮತ್ತು ಗುಂಡಿನ ಕಥೆ ಬೇರೆ. ಇಲ್ಲಿ ಜಾಗ ತೆರೆದಿದೆ, ಭಾರ ಹೆಚ್ಚು, ಚಲನೆ ನಿಧಾನ. ತೆಳು ಎಣ್ಣೆ ಹಾಕಿದರೆ ಮೊದಲ ಮಳೆಗೇ ತೊಳೆದು ಹೋಗ್ತದ. ಬಿಸಿಲಿಗೆ ನಿಂತ ಗಾಡಿಯಲ್ಲಿ ಇಳಿದು ಕೈಗವಸು, ಅಂಗಿಯ ತೋಳಿಗೆ ಹತ್ತೋದೂ ಉಂಟು. ಹಾಗಾಗಿ ನೀರಿಗೆ ಜಗ್ಗದ ಗ್ರೀಸ್ ಬೇಕು. ಎಪಿ-3 ಇಲ್ಲಿ ಸರಿಯಾಗಿ ನಡೀತದ. ಅದು ಲಿಥಿಯಂ ಗ್ರೀಸ್. ಬಿಳಿ ಲಿಥಿಯಂ ಗ್ರೀಸ್ ಸ್ಪ್ರೇ ಕೂಡ ಆಗ್ತದ, ಹೊಡೆಯುವಾಗ ತೆಳು ಇದ್ದು ಸಂದಿಗೆ ಹೋಗಿ ಆಮೇಲೆ ಗಟ್ಟಿಯಾಗ್ತದ.

ಪ್ರಮಾಣದಲ್ಲಿ ಮಾತ್ರ ಕೈ ಬಿಗಿ ಇರಲಿ. ಬೋಲ್ಟ್‌ಗೆ ಒಂದು ತೊಗರಿ ಕಾಳಿನಷ್ಟು, ಗುಂಡಿಗೆ ಒಂದು ಜೋಳದ ಕಾಳಿನಷ್ಟು. ಬೆರಳಿನಿಂದ ತೆಳ್ಳಗೆ ಸವರಿ ಜೋಡಿಸಿದ ಮೇಲೆ ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಹೊರಗೆ ಉಳಿದ ಗ್ರೀಸ್ ಕೆಲಸಕ್ಕೆ ಬರೋದಿಲ್ಲ, ಧೂಳು ಹಿಡಿಯೋಕೆ ಮಾತ್ರ.

ಒಂದು ಗಾಡಿ ತಗೊಂಡು ನೋಡೋಣ

ಭಾಲ್ಕಿ ತಾಲ್ಲೂಕಿನ ಹಳ್ಳಿಯಿಂದ ದಿನಾ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ನಾಲ್ಕು ವರ್ಷದ ಸ್ಪ್ಲೆಂಡರ್ ಅಂತ ಇಟ್ಟುಕೊಳ್ಳೋಣ. ಕ್ಲಚ್ ಬಿಗಿಯಾಗಿದೆ, ಹಿಡಿದಾಗ ಕರಕರ ಸದ್ದು, ಬಿಟ್ಟರೆ ಲಿವರ್ ನಿಧಾನವಾಗಿ ವಾಪಸ್ ಬರ್ತದ.

ಮೊದಲು ಬಿಗಿ ಎಲ್ಲಿದೆ ಅಂತ ತಿಳೀಬೇಕು. ಇಂಜಿನ್ ಆರಿಸಿ, ತಣ್ಣಗಾಗೋಕೆ ಬಿಡ್ರಿ. ಇಂಜಿನ್ ಕಡೆಯ ಅಡ್ಜಸ್ಟರ್ ನಟ್ ಸಡಿಲ ಮಾಡಿ, ಕೇಬಲ್‌ನ ಕೆಳಗಿನ ತುದಿ ಬಿಚ್ಚಿ, ಆಮೇಲೆ ಲಿವರ್‌ನಿಂದ ಗುಂಡನ್ನು ಹೊರಗೆ ತೆಗೀರಿ. ಈಗ ಮೂರು ಭಾಗ ಬೇರೆ ಬೇರೆ ಆದವು. ಖಾಲಿ ಲಿವರ್ ಆಡಿಸಿ ನೋಡ್ರಿ. ಬಿಗಿ ಇದ್ದರೆ ದೋಷ ಬೋಲ್ಟ್‌ನಲ್ಲಿ. ಪೈಪ್ ಹಿಡಿದು ತಂತಿಯನ್ನು ಎರಡು ಬೆರಳಿನಿಂದ ಎಳೀರಿ. ಎಳೆಯೋಕೆ ಬಲ ಬೇಕಾದರೆ, ಅಥವಾ ತಡೆದು ತಡೆದು ಬಂದರೆ ದೋಷ ಕೇಬಲ್‌ನಲ್ಲಿ. ಎರಡೂ ಸಲೀಸಾಗಿದ್ದು, ಜೋಡಿಸಿದ ಮೇಲೆ ಮಾತ್ರ ಬಿಗಿ ಅಂದರೆ ಸಮಸ್ಯೆ ಇಂಜಿನ್ ಒಳಗಿನ ಕ್ಲಚ್‌ನದ್ದು. ಎಷ್ಟು ಎಣ್ಣೆ ಹಾಕಿದರೂ ಅದು ಹೋಗೋದಿಲ್ಲ, ಮಿಸ್ತ್ರಿಗೆ ತೋರಿಸಬೇಕು.

ನಮ್ಮ ಗಾಡಿಯಲ್ಲಿ ತಂತಿ ತಡೆದು ಬರ್ತಿದೆ, ಲಿವರ್ ಬೋಲ್ಟ್ ಕೂಡ ಒಣಗಿದೆ ಅಂತ ಇಟ್ಟುಕೊಳ್ರಿ. ಎಣ್ಣೆ ಹಾಕೋ ಮೊದಲು ಎರಡೂ ತುದಿಯ ತಂತಿಯನ್ನು ಬಟ್ಟೆಯಿಂದ ಒರೆಸಿ ನೋಡಬೇಕು. ಒಂದೇ ಒಂದು ಎಳೆ ಮುಳ್ಳಿನಂತೆ ಎದ್ದಿದ್ದರೂ ಕೆಲಸ ಅಲ್ಲಿಗೇ ನಿಲ್ಲಿಸಿ ಹೊಸ ಕೇಬಲ್ ತರಬೇಕು. ಪೈಪ್ ಮುರುಕು ಬಿದ್ದಿದ್ದರೂ, ಪ್ಲಾಸ್ಟಿಕ್ ಸೀಳಿ ಒಳಗಿನ ಸುರುಳಿ ತುಕ್ಕು ಹಿಡಿದಿದ್ದರೂ ಹಾಗೇ.

ಎಳೆಗಳು ಸರಿ ಇದ್ದರೆ ಮುಂದಿನ ಕೆಲಸ ಕೊರಳಪಟ್ಟಿ ಕಟ್ಟೋದು. ಖಾಲಿ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಒಂದು ಮೂಲೆ ಚಿಕ್ಕದಾಗಿ ಕತ್ತರಿಸ್ರಿ. ಆ ಮೂಲೆಯನ್ನು ಪೈಪ್‌ನ ಮೇಲಿನ ಬಾಯಿಗೆ ಹಾಕಿ, ಹೊರಗಿಂದ ದಾರ ಅಥವಾ ಟೇಪ್ ಬಿಗಿಯಾಗಿ ಸುತ್ತಿದರೆ ಒಂದು ಲಾಳಿಕೆ ಆಯಿತು. ಕೇಬಲ್ ಮೇಲಿನ ತುದಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಕೆಳಗೆ ಹಳೇ ಡಬ್ಬಿ ಇಡ್ರಿ. ಮೊದಲು ಡಬ್ಲ್ಯೂಡಿ-40 ತರಹದ ಸ್ಪ್ರೇ ಬಿಟ್ಟು ತಂತಿಯನ್ನು ಮೇಲೆ ಕೆಳಗೆ ಆಡಿಸಬೇಕು. ಸ್ಪ್ರೇ ಇಲ್ಲದಿದ್ದರೆ ಸ್ವಲ್ಪ ಡೀಸೆಲ್ ಆಗ್ತದ. ಪೆಟ್ರೋಲ್ ಬ್ಯಾಡ, ಬೆಂಕಿಯ ಅಪಾಯ ಇದೆ, ಪ್ಲಾಸ್ಟಿಕ್‌ಗೂ ಒಳ್ಳೇದಲ್ಲ. ಕೆಳಗೆ ಮೊದಲು ಕೆಂಪು ಅಥವಾ ಕರಿ ನೀರು ಬೀಳ್ತದ. ತಿಳಿಯಾಗಿ ಬೀಳುವ ತನಕ ಬಿಡ್ರಿ, ಆಮೇಲೆ ಒಂದೆರಡು ತಾಸು ಸೋರಿ ಆರೋಕೆ ಬಿಡ್ರಿ. ಈ ಆರಿಸೋ ಹೊತ್ತನ್ನು ತಪ್ಪಿಸಿದರೆ ಒಳಗೆ ಉಳಿದ ದ್ರಾವಣ ಹೊಸ ಎಣ್ಣೆಯನ್ನೂ ತೆಳು ಮಾಡಿ ಇಳಿಸಿಬಿಡ್ತದ.

ಈಗ ಎಣ್ಣೆ. ಲೈನರ್ ಇಲ್ಲದ ಕೇಬಲ್ ಆದರೆ ಹೊಸ ಇಂಜಿನ್ ಆಯಿಲ್, ಒಂದು ಚಮಚದಷ್ಟು, ಅಂದರೆ ಸುಮಾರು 5 ಮಿಲಿ. ಸೂಜಿ ಇಲ್ಲದ ಸಿರಿಂಜ್ ಇದ್ದರೆ ಅಳತೆ ಸುಲಭ. ಲಾಳಿಕೆಗೆ ಹಾಕಿ, ತಂತಿಯನ್ನು ನಿಧಾನವಾಗಿ ಇಪ್ಪತ್ತು ಸಲ ಆಡಿಸಿ, ರಾತ್ರಿ ಹಾಗೇ ತೂಗಲು ಬಿಡ್ರಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಎಣ್ಣೆಯ ಹನಿ ಕಂಡರೆ ಪೂರ್ತಿ ಇಳಿದಿದೆ ಅಂತ ಅರ್ಥ. ಹನಿಯೇ ಇಲ್ಲ, ಮೇಲೆ ಎಣ್ಣೆ ಹಾಗೇ ನಿಂತಿದೆ ಅಂದರೆ ಒಳಗೆ ಎಲ್ಲೋ ಹಳೇ ಗ್ರೀಸ್ ಅಥವಾ ತುಕ್ಕು ಕಟ್ಟಿಕೊಂಡಿದೆ. ಇನ್ನೊಮ್ಮೆ ತೊಳೆದು ನೋಡಬಹುದು. ಆಗಲೂ ಇಳಿಯದಿದ್ದರೆ ಕೇಬಲ್ ಬದಲಿಸೋದೇ ಸರಿ.

ಕೇಬಲ್ ಸೋರುತ್ತಿರುವಾಗ ಲಿವರ್ ಕೆಲಸ ಮುಗಿಸಬಹುದು. ಬೋಲ್ಟ್ ಕೆಳಗಿನ ನಟ್‌ಗೆ ಸಾಮಾನ್ಯವಾಗಿ 10 ನಂಬರ್ ಪಾನಾ ಸಾಕು. ಬೋಲ್ಟ್ ತೆಗೆದು, ಹಳೇ ಕರಿ ಗ್ರೀಸ್ ಪೂರ್ತಿ ಒರೆಸಬೇಕು. ಹಳೇದರ ಮೇಲೆ ಹೊಸದು ಸವರಿದರೆ ಹಳೇ ಮಣ್ಣೂ ಒಳಗೇ ಉಳೀತದ. ಲಿವರ್‌ನ ತೂತು ಅಂಡಾಕಾರಕ್ಕೆ ಸವೆದಿದ್ದರೆ, ಲಿವರ್ ಮೇಲೆ ಕೆಳಗೆ ಅಲ್ಲಾಡ್ತಿದ್ದರೆ ಲಿವರ್ ಬದಲಿಸೋದು ಒಳ್ಳೇದು. ಇಲ್ಲದಿದ್ದರೆ ತೊಗರಿ ಕಾಳು, ಜೋಳದ ಕಾಳಿನ ಲೆಕ್ಕದಲ್ಲಿ ಗ್ರೀಸ್ ಸವರಿ ಜೋಡಿಸ್ರಿ. ನಟ್ ಬಿಗಿ ಮಾಡಿದ ಮೇಲೂ ಲಿವರ್ ಸಲೀಸಾಗಿ ಆಡಬೇಕು.

ಮರುದಿನ ಕೇಬಲ್ ಹಾಕಿ ಆಟ ಸರಿ ಮಾಡ್ರಿ. ಆಟ ಅಂದರೆ ಕ್ಲಚ್ ಹಿಡಿಯೋಕೆ ಶುರುವಾಗೋ ಮೊದಲು ಲಿವರ್ ಖಾಲಿ ಚಲಿಸುವ ಜಾಗ. ಸ್ಪ್ಲೆಂಡರ್‌ನಲ್ಲಿ ಇದು ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಇರಬೇಕು. ಬೇರೆ ಗಾಡಿಗಳದ್ದು ಅವುಗಳ ಪುಸ್ತಕದಲ್ಲಿ ಇರ್ತದ. ಎಣ್ಣೆ ಹಾಕಿದ ಮೇಲೆ ಆಟ ನೋಡದೆ ಬಿಟ್ಟರೆ ಎರಡು ತರಹದ ತೊಂದರೆ. ಆಟ ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಪೂರ್ತಿ ಕೂಡದೆ ಜಾರಿ ಸುಡ್ತದ, ಆಟ ಹೆಚ್ಚಾದರೆ ಗೇರ್ ಬೀಳೋದು ಕಷ್ಟ ಆಗ್ತದ.

ಎಕ್ಸಿಲೇಟರ್, ಬ್ರೇಕ್ ವೈರ್‌ನಲ್ಲಿ ಇನ್ನೂ ಎಚ್ಚರ

ಕ್ಲಚ್ ವೈರ್ ಕೈ ಕೊಟ್ಟರೆ ಗಾಡಿ ತಳ್ಳಬೇಕಾಗ್ತದ ಅಷ್ಟೇ. ಎಕ್ಸಿಲೇಟರ್ ವೈರ್ ಒಳಗೆ ಅಂಟು ಕಟ್ಟಿದರೆ ಕೈ ಬಿಟ್ಟರೂ ರೇಸ್ ಇಳಿಯೋದಿಲ್ಲ. ಅದು ಜೀವಕ್ಕೆ ಬರುವ ಮಾತು. ಈ ಕೇಬಲ್‌ನ ತಂತಿ ಸಣ್ಣದು, ವಾಪಸ್ ಎಳೆಯುವ ಸ್ಪ್ರಿಂಗ್ ಕೂಡ ಮೆತ್ತಗಿನದು. ಚೈನ್ ಲ್ಯೂಬ್, ಗ್ರೀಸ್ ಇಲ್ಲಿ ಹತ್ತಿರ ಸುಳಿಯಬಾರದು. ತೆಳು ಎಣ್ಣೆ, ಲೈನರ್ ಇದ್ದರೆ ಸಿಲಿಕೋನ್, ಅದೂ ಕೆಲವೇ ಹನಿ. ಹಾಕುವಾಗ ಕೆಳಗಿನ ತುದಿ ಬಿಚ್ಚಿರಬೇಕು, ಇಲ್ಲದಿದ್ದರೆ ತೊಳೆದ ಕೊಳೆಯೆಲ್ಲ ಕಾರ್ಬುರೇಟರ್ ಕಡೆ ಇಳೀತದ.

ಜೋಡಿಸಿದ ಮೇಲೆ ಇಂಜಿನ್ ಆರಿಸಿಯೇ ಪರೀಕ್ಷೆ ಮಾಡ್ರಿ. ಪೂರ್ತಿ ತಿರುವಿ ಕೈ ಬಿಟ್ಟರೆ ಟಕ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ನೇರ ಇಟ್ಟು ಒಮ್ಮೆ, ಪೂರ್ತಿ ಎಡಕ್ಕೆ ಒಮ್ಮೆ, ಪೂರ್ತಿ ಬಲಕ್ಕೆ ಒಮ್ಮೆ ನೋಡ್ರಿ. ಆಮೇಲೆ ಇಂಜಿನ್ ಚಾಲೂ ಮಾಡಿ, ರೇಸ್ ಕೊಡದೆ ಹ್ಯಾಂಡಲ್ ಎರಡೂ ಕಡೆ ತಿರುಗಿಸ್ರಿ. ತಿರುಗಿಸಿದಾಗ ಇಂಜಿನ್ ಸದ್ದು ತಾನಾಗಿ ಏರಿದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಅಥವಾ ಆಟ ಇಲ್ಲ. ಸರಿ ಮಾಡದೆ ರಸ್ತೆಗೆ ಇಳಿಸಬ್ಯಾಡ್ರಿ.

ಮುಂದಿನ ಡ್ರಮ್ ಬ್ರೇಕ್ ವೈರ್‌ಗೆ ಕ್ಲಚ್ ವೈರ್‌ನ ಕ್ರಮವೇ ನಡೀತದ. ಒಂದೇ ವ್ಯತ್ಯಾಸ, ಕೆಳಗೆ ಸೋರುವ ಎಣ್ಣೆ ಚಕ್ರದ ಹತ್ತಿರ ಬೀಳ್ತದ. ಕೇಬಲ್ ಬಿಚ್ಚಿಯೇ ಎಣ್ಣೆ ಹಾಕಿ, ಪೂರ್ತಿ ಸೋರಿದ ಮೇಲೆ ಒರೆಸಿ ಜೋಡಿಸ್ರಿ. ಬ್ರೇಕ್ ಲೈನರ್‌ಗೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯೋದಿಲ್ಲ. ಡಿಸ್ಕ್ ಬ್ರೇಕ್ ಇರುವ ಕಡೆ ವೈರೇ ಇಲ್ಲ, ಅಲ್ಲಿರೋದು ಬ್ರೇಕ್ ಆಯಿಲ್ ಪೈಪ್. ಆ ಲಿವರ್ ಬೋಲ್ಟ್‌ಗೂ ಸಾದಾ ಗ್ರೀಸ್ ಬದಲು ಸಿಲಿಕೋನ್ ಗ್ರೀಸ್ ಹಾಕಿಸ್ರಿ. ಲಿವರ್ ಒತ್ತುವ ಜಾಗದಲ್ಲಿ ರಬ್ಬರ್ ಇರ್ತದ, ಸಾದಾ ಗ್ರೀಸ್ ಎಣ್ಣೆಗೆ ಆ ರಬ್ಬರ್ ಉಬ್ಬಬಹುದು. ಸ್ಪ್ರೇ ಹೊಡೆಯುವಾಗ ಡಿಸ್ಕ್ ಮೇಲೂ ಟೈರ್ ಮೇಲೂ ಬೀಳದಂತೆ ಬಟ್ಟೆ ಮುಚ್ಚಬೇಕು.

ಯಾವಾಗ ಹಾಕಬೇಕು

ನಮ್ಮ ಹವೆಗೆ ವರ್ಷಕ್ಕೆ ಎರಡು ಸಲ ಸಾಕು. ಮಿರಗ ಮಳೆ ಬರೋ ಮುಂಚೆ, ಅಂದರೆ ಮೇ ಕೊನೆಯಲ್ಲಿ ಒಂದು ಸಲ. ಬ್ಯಾಸಗಿ ಧೂಳು ತೊಳೆದು ಎಣ್ಣೆ ಹಾಕಿದರೆ ಮಳೆ ನೀರಿಗೆ ತುಕ್ಕು ಹಿಡಿಯೋದು ತಪ್ತದ. ಮಳೆಗಾಲ ಮುಗಿದು ದಸರಾಕ್ಕ ಗಾಡಿ ತೊಳೆಸಿ ಪೂಜೆ ಮಾಡ್ತೀವಲ್ಲ, ಆಗ ಇನ್ನೊಂದು ಸಲ. ತೊಳೆಸಿದ ನೀರು ಒಳಗೆ ಉಳಿಯದಂತೆ ಅದೇ ವಾರ ಹಾಕಿಬಿಡಬೇಕು. ದಿನಾ ಹೊಲದ ದಾರಿಯಲ್ಲಿ ಓಡುವ ಗಾಡಿಗೆ ನಡುವೆ ಒಮ್ಮೆ ಲಿವರ್ ಗುಂಡಿನ ಗ್ರೀಸ್ ಮಾತ್ರ ಬದಲಿಸಿದರೂ ಲಾಭ. ಅದಕ್ಕೆ ಹತ್ತು ನಿಮಿಷ ಸಾಕು.

ಅಂಗಡಿಯವರು ಕೇಳಬೇಕಾದ ಎರಡು ಪ್ರಶ್ನೆ

ಆಟೋಮೊಬೈಲ್, ಹಾರ್ಡ್‌ವೇರ್ ಅಂಗಡಿಗೆ ಬರುವ ಗಿರಾಕಿ ಸುಮ್ಮನೆ "ವೈರ್‌ಗೆ ಹೊಡೆಯೋ ಸ್ಪ್ರೇ ಕೊಡ್ರಿ" ಅಂತಾರೆ. ಎರಡು ಪ್ರಶ್ನೆ ಕೇಳಿದರೆ ಸರಿಯಾದ್ದು ಕೊಡಬಹುದು. ಹಾಕೋದು ಪೈಪ್ ಒಳಗೋ, ಲಿವರ್‌ಗೋ? ಕೇಬಲ್‌ಗೆ ಪ್ಲಾಸ್ಟಿಕ್ ಲೈನರ್ ಇದೆಯೋ ಇಲ್ಲವೋ? ಲಿವರ್‌ಗೆ ಅಂದರೆ ಸಣ್ಣ ಡಬ್ಬಿ ಎಪಿ-3 ಗ್ರೀಸ್. ಪೈಪ್ ಒಳಗೆ, ಲೈನರ್ ಇಲ್ಲ ಅಂದರೆ ಹೊಲಿಗೆ ಮಷೀನ್ ಎಣ್ಣೆ ಅಥವಾ ಇಂಜಿನ್ ಆಯಿಲ್. ಲೈನರ್ ಇದೆ ಅಂದರೆ ಸಿಲಿಕೋನ್ ಸ್ಪ್ರೇ. ಬಿಗಿಯಾದ, ತುಕ್ಕು ಹಿಡಿದ ಕೇಬಲ್ ಅಂದರೆ ಡಬ್ಲ್ಯೂಡಿ-40 ತರಹದ್ದು ಕೊಡ್ರಿ, ಆದರೆ "ಇದು ತೊಳೆಯೋಕೆ, ಆಮೇಲೆ ಎಣ್ಣೆ ಹಾಕ್ರಿ" ಅನ್ನೋ ಒಂದು ಮಾತು ಸೇರಿಸಿ ಕೊಡ್ರಿ. ಹೊಸ ಕೇಬಲ್ ಒಯ್ಯುವವರಿಗೂ ಗುಂಡಿಗೆ ಗ್ರೀಸ್ ಸವರಿ ಹಾಕೋಕೆ ಹೇಳಿದರೆ, ಅದೇ ಗಿರಾಕಿ ಆರು ತಿಂಗಳಿಗೆ "ನಿಮ್ಮ ವೈರ್ ಸರಿ ಇಲ್ಲ" ಅಂತ ಹರಿದ ತುಂಡು ಹಿಡಿದು ವಾಪಸ್ ಬರೋದು ತಪ್ತದ.